ರ‍್ಯಾಂಡಮ್ ಸರ್ಕ್ಯೂಟ್ ಸ್ಯಾಂಪ್ಲಿಂಗ್: ಕ್ವಾಂಟಮ್ ಮೇಲುಗೈಯ ಹೇಳಿಕೆಯನ್ನು ಹಂತಹಂತವಾಗಿ ಪರೀಕ್ಷಿಸುವುದು ಹೇಗೆ

2019ರ ಅಕ್ಟೋಬರ್‌ನಲ್ಲಿ ಗೂಗಲ್ ತಂಡವು ತನ್ನ 53 ಕ್ಯೂಬಿಟ್‌ಗಳ, ಅಂದರೆ ಕ್ವಾಂಟಮ್ ಬಿಟ್‌ಗಳ, ಸಿಕಾಮೋರ್ ಚಿಪ್ ಒಂದು ಕೆಲಸವನ್ನು 200 ಸೆಕೆಂಡಿನಲ್ಲಿ ಮುಗಿಸಿತು, ಅದೇ ಕೆಲಸಕ್ಕೆ ಸಮ್ಮಿಟ್ ಸೂಪರ್‌ಕಂಪ್ಯೂಟರಿಗೆ 10,000 ವರ್ಷ ಬೇಕು ಎಂದು ಪ್ರಕಟಿಸಿತು. ಕ್ವಾಂಟಮ್ ಮೇಲುಗೈ ಎಂದರೆ ಇದೇ, ಸಾಮಾನ್ಯ ಕಂಪ್ಯೂಟರಿಗೆ ನಿಲುಕದ ಕೆಲಸವನ್ನು ಕ್ವಾಂಟಮ್ ಚಿಪ್ ಮುಗಿಸುವುದು. ಈ ಬಗೆಯ ಹೇಳಿಕೆಗಳಲ್ಲಿ ಯಾವಾಗಲೂ ಎರಡು ಭಾಗಗಳಿರುತ್ತವೆ. ಚಿಪ್ ಆ ಕೆಲಸವನ್ನು ನಿಜವಾಗಿ ಮಾಡಿದೆಯೇ ಎಂಬುದು ಮೊದಲನೆಯದು, ಸಾಮಾನ್ಯ ಕಂಪ್ಯೂಟರಿಗೆ ಅದು ಅಷ್ಟು ಕಷ್ಟವೇ ಎಂಬುದು ಎರಡನೆಯದು. ಇವೆರಡನ್ನು ಬೆರೆಸಿ ಓದಿದರೆ ಗೊಂದಲ ಖಂಡಿತ. ಸಂದೇಹವಾದಿಗಳಲ್ಲೂ ಎರಡು ಗುಂಪುಗಳಿವೆ, ಒಂದು ಗುಂಪು ಪ್ರಶ್ನಿಸುವುದನ್ನು ಇನ್ನೊಂದು ಗುಂಪು ಒಪ್ಪಿಕೊಂಡಿರಬಹುದು. ಇಲ್ಲಿ ಸಿಕಾಮೋರ್ ಪ್ರಯೋಗವನ್ನೇ ಕೈಗೆತ್ತಿಕೊಂಡು ಪರೀಕ್ಷೆಯ ಹಂತಗಳನ್ನು ನೋಡೋಣ. ಮುಂದೆ ಇಂಥ ಯಾವ ಪ್ರಕಟಣೆ ಬಂದರೂ ಇದೇ ಕ್ರಮ ಸಾಕು.

ಹಂತ 1: ನಿಜವಾಗಿ ನಡೆದದ್ದೇನು ಎಂದು ಬರೆದಿಟ್ಟುಕೊಳ್ಳಿ

ಎಲ್ಲ ಕ್ಯೂಬಿಟ್‌ಗಳೂ ಸೊನ್ನೆಯಿಂದ ಶುರುವಾಗುತ್ತವೆ. ಪ್ರತಿ ಆವರ್ತದಲ್ಲಿ ಒಂದೊಂದು ಕ್ಯೂಬಿಟ್‌ಗೂ ಮೂರು ನಿಗದಿತ ಗೇಟ್‌ಗಳಲ್ಲಿ, ಅಂದರೆ ಕ್ಯೂಬಿಟ್‌ನ ಸ್ಥಿತಿ ಬದಲಿಸುವ ಕ್ರಿಯೆಗಳಲ್ಲಿ, ಒಂದನ್ನು ಯಾದೃಚ್ಛಿಕವಾಗಿ ಆರಿಸಿ ಹಾಕುತ್ತಾರೆ, ಆಮೇಲೆ ನೆರೆಯ ಜೋಡಿಗಳನ್ನು ಎರಡು ಕ್ಯೂಬಿಟ್‌ಗಳ ಗೇಟ್‌ನಿಂದ ಹೆಣೆಯುತ್ತಾರೆ. ಇಂಥ 20 ಆವರ್ತಗಳಾದ ಮೇಲೆ ಎಲ್ಲವನ್ನೂ ಅಳೆದರೆ 53 ಅಂಕೆಗಳ ಒಂದು ಬಿಟ್‌ಸಾಲು ಸಿಗುತ್ತದೆ. ಗೇಟ್‌ಗಳ ಈ ಸರಣಿಯೇ ಸರ್ಕ್ಯೂಟ್. ಅದನ್ನೇ ಮತ್ತೆ ಮತ್ತೆ ಓಡಿಸಿ 10 ಲಕ್ಷ ಬಿಟ್‌ಸಾಲುಗಳನ್ನು ಸಂಗ್ರಹಿಸುವುದಕ್ಕೆ ಹಿಡಿದ ಸಮಯವೇ ಆ 200 ಸೆಕೆಂಡ್.

ಸರ್ಕ್ಯೂಟ್ ಒಮ್ಮೆ ನಿಗದಿಯಾದರೆ ಯಾವ ಬಿಟ್‌ಸಾಲಿಗೆ ಎಷ್ಟು ಸಂಭವನೀಯತೆ ಎಂಬುದೂ ನಿಗದಿಯಾಗುತ್ತದೆ. ಹಲವು ಸಾಲುಗಳಿಗೆ ಅದು ಸರಾಸರಿಗಿಂತ ಕಡಿಮೆ, ಕೆಲವಕ್ಕೆ ಹಲವು ಪಟ್ಟು ಹೆಚ್ಚು. ಒಳ್ಳೆಯ ಚಿಪ್ ಹೆಚ್ಚು ಸಂಭವನೀಯತೆಯ ಸಾಲುಗಳ ಕಡೆಗೆ ವಾಲಬೇಕು, ಅದಕ್ಕೆ ಒಪ್ಪಿಸಿದ ಕೆಲಸ ಇಷ್ಟೇ. ಕೊನೆಯಲ್ಲಿ ‘ಉತ್ತರ’ ಎಂಬುದೇನೂ ಬರುವುದಿಲ್ಲ. ಒಟ್ಟು ಸಾಧ್ಯ ಸಾಲುಗಳು 2^53, ಅಂದರೆ ಸುಮಾರು 9×10^15. ಅವುಗಳಲ್ಲಿ 10 ಲಕ್ಷವನ್ನು ಹೆಕ್ಕಿದರೆ ಒಂದೇ ಸಾಲು ಎರಡು ಸಲ ಬರುವುದೇ ಅಪರೂಪ. ಹಾಗಾಗಿ ಎಣಿಕೆ ಮಾಡಿ ಹಂಚಿಕೆಯನ್ನು ಚಿತ್ರಿಸಿ ತಾಳೆ ನೋಡುವ ದಾರಿ ಮುಚ್ಚಿಹೋಗುತ್ತದೆ. ಮುಂದಿನ ವಾದಗಳೆಲ್ಲ ಹುಟ್ಟುವುದು ಇಲ್ಲಿಂದ.

ಹಂತ 2: ಅಂಕ ಹೇಗೆ ಬಂತು ಎಂದು ನೀವೇ ಲೆಕ್ಕ ಹಾಕಿ ನೋಡಿ

ಎಣಿಕೆಯ ಬದಲಿಗೆ ಬಳಸುವ ಅಳತೆಗೆ ಲೀನಿಯರ್ ಕ್ರಾಸ್ ಎಂಟ್ರೊಪಿ ಎಂದು ಹೆಸರು, ರೂಢಿಯಲ್ಲಿ ಎಕ್ಸ್‌ಇಬಿ. ಚಿಪ್ ಕೊಟ್ಟ ಪ್ರತಿ ಬಿಟ್‌ಸಾಲಿಗೂ ದೋಷವಿಲ್ಲದ ಸರ್ಕ್ಯೂಟ್ ಕೊಡಬೇಕಿದ್ದ ಸಂಭವನೀಯತೆಯನ್ನು ಸಾಮಾನ್ಯ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ಸರಾಸರಿ ತೆಗೆದು, ಹೀಗೆ ಇಡುತ್ತಾರೆ:

F = 2^n × ⟨p(x)⟩ − 1

ಇಲ್ಲಿ n ಎಂದರೆ ಕ್ಯೂಬಿಟ್‌ಗಳ ಸಂಖ್ಯೆ, p(x) ಎಂದರೆ x ಎಂಬ ಬಿಟ್‌ಸಾಲಿನ ಆ ಸಂಭವನೀಯತೆ, ಕೋನಾವರಣ ಸರಾಸರಿಯ ಗುರುತು. ಚಿಪ್ ಬರೀ ನಾಣ್ಯ ಚಿಮ್ಮಿದಂತೆ ಸಾಲುಗಳನ್ನು ಕೊಟ್ಟರೆ ಅಂಕ 0. ದೋಷವೇ ಇಲ್ಲದೆ ಓಡಿದರೆ ಅಂಕ 1ರ ಆಸುಪಾಸು. ಸಿಕಾಮೋರ್‌ನ ದೊಡ್ಡ ಸರ್ಕ್ಯೂಟ್‌ಗಳಿಗೆ ಬಂದದ್ದು ಸುಮಾರು 0.0022.

ಈ ಅಂಕದ ನಡವಳಿಕೆ ಕೈಗೆ ಹತ್ತಬೇಕಾದರೆ ಕೆಳಗಿನ ತುಣುಕನ್ನು ಓಡಿಸಿ. ಇದು 16 ಕ್ಯೂಬಿಟ್‌ಗಳ ಸರ್ಕ್ಯೂಟ್ ಕೊಡುವಂಥ ಹಂಚಿಕೆಯೊಂದನ್ನು ಸೃಷ್ಟಿಸಿ, ನೂರಕ್ಕೆ 0.2 ಭಾಗ ಮಾತ್ರ ಸರಿಯಾದ ಮಾದರಿಗಳನ್ನೂ, ಅಂದರೆ ಬಿಟ್‌ಸಾಲುಗಳನ್ನೂ, ಉಳಿದದ್ದು ಪೂರ್ತಿ ನಾಯ್ಸ್, ಅಂದರೆ ಯಾದೃಚ್ಛಿಕ ಗದ್ದಲವನ್ನೂ ಬೆರೆಸುತ್ತದೆ.

```python
import numpy as np
rng = np.random.default_rng()
n, N, f = 16, 1_000_000, 0.002
D = 2**n
p = rng.exponential(size=D); p /= p.sum()
good = rng.random(N) < f
x = np.where(good, rng.choice(D, size=N, p=p),
             rng.integers(D, size=N))
w = D * p[x]
print(w.mean() - 1, w.std() / np.sqrt(N))
```

ಹತ್ತಾರು ಸಲ ಓಡಿಸಿದರೆ ಮೊದಲ ಅಂಕೆ ಸೊನ್ನೆಯ ಹತ್ತಿರದಿಂದ 0.004ರವರೆಗೆ ಓಲಾಡುತ್ತದೆ. ಎರಡನೆಯದು, ಅಂದರೆ ಅಂಕಿಅಂಶದ ದೋಷ, 0.001ರಲ್ಲೇ ನಿಲ್ಲುತ್ತದೆ. N ಮಾದರಿಗಳಿಗೆ ಆ ದೋಷ 1/√N ಆಗಿರುವುದೇ ಇದಕ್ಕೆ ಕಾರಣ. 10 ಲಕ್ಷ ಮಾದರಿಗಳಲ್ಲಿ 0.002ರ ಅಂಕವು ಸೊನ್ನೆಯಿಂದ ಬರೀ ಎರಡು ದೋಷಮಾನದಷ್ಟು ದೂರ, ಅದನ್ನು ನೆಚ್ಚಿ ಏನನ್ನೂ ಸಾರುವಂತಿಲ್ಲ. ಐದು ದೋಷಮಾನ ಬೇಕೆಂದರೆ ಮಾದರಿಗಳ ಸಂಖ್ಯೆ 25/F² ಆಗಬೇಕು, 0.002ಕ್ಕೆ ಅದು 62.5 ಲಕ್ಷ. ಗೂಗಲ್ ತಂಡ ಹತ್ತು ಸರ್ಕ್ಯೂಟ್‌ಗಳಿಂದ ಒಟ್ಟು 3 ಕೋಟಿ ಮಾದರಿಗಳನ್ನು ತೆಗೆದದ್ದು ಇದಕ್ಕಾಗಿಯೇ. ಸುದ್ದಿಯಲ್ಲಿ ಓಡಾಡಿದ 200 ಸೆಕೆಂಡ್ ಮಾತ್ರ 10 ಲಕ್ಷ ಮಾದರಿಗಳ ಲೆಕ್ಕ. ಯಾವುದೇ ಪ್ರಕಟಣೆಯಲ್ಲಿ F, N ಮತ್ತು ಸಮಯ ಈ ಮೂರೂ ಒಂದೇ ಓಟಕ್ಕೆ ಸೇರಿದವೇ ಎಂದು ಮೊದಲು ನೋಡಿಕೊಳ್ಳಿ.

ಹಂತ 3: ಗೇಟ್‌ಗಳ ದೋಷದಿಂದ ಅಂಕವನ್ನು ಊಹಿಸಿ

ಒಂದೊಂದು ಗೇಟ್‌ನ ದೋಷ ಗೊತ್ತಿದ್ದರೆ, ದೋಷಗಳು ಪರಸ್ಪರ ಸ್ವತಂತ್ರ ಎಂದು ಹಿಡಿದು, ಇಡೀ ಸರ್ಕ್ಯೂಟ್ ಎಲ್ಲೂ ಎಡವದೆ ಮುಗಿಯುವ ಸಂಭವನೀಯತೆಯನ್ನು ಗುಣಿಸಿ ಪಡೆಯಬಹುದು. ಇದನ್ನೇ ಫಿಡೆಲಿಟಿಯ, ಅಂದರೆ ಚಿಪ್‌ನ ಓಟ ಆದರ್ಶ ಸರ್ಕ್ಯೂಟಿಗೆ ಎಷ್ಟು ಹತ್ತಿರ ಎಂಬುದರ, ಅಂದಾಜಾಗಿ ಬಳಸುತ್ತಾರೆ. ಸಿಕಾಮೋರ್‌ನ 20 ಆವರ್ತಗಳ ಸರ್ಕ್ಯೂಟ್‌ನಲ್ಲಿ 1,113 ಒಂಟಿ ಕ್ಯೂಬಿಟ್ ಗೇಟ್‌ಗಳು, 430 ಜೋಡಿ ಗೇಟ್‌ಗಳು ಮತ್ತು 53 ಅಳತೆಗಳು. ಎಲ್ಲ ಕ್ಯೂಬಿಟ್‌ಗಳೂ ಒಟ್ಟಿಗೆ ಕೆಲಸ ಮಾಡುವಾಗ ಸರಾಸರಿ ದೋಷ ಕ್ರಮವಾಗಿ 0.16%, 0.62% ಮತ್ತು 3.8%.

0.9984^1113 ≈ 0.168
0.9938^430 ≈ 0.069
0.962^53 ≈ 0.128

ಮೂರನ್ನೂ ಗುಣಿಸಿದರೆ ಸುಮಾರು 0.0015. ಒಂದೊಂದು ಗೇಟ್‌ನ ದೋಷವನ್ನು ಬೇರೆಬೇರೆಯಾಗಿ ತೆಗೆದುಕೊಳ್ಳದೆ ಸರಾಸರಿಯಲ್ಲೇ ಮಾಡಿದ ಈ ಒರಟು ಲೆಕ್ಕವೂ ವರದಿಯಾದ 0.0022ರ ಆಸುಪಾಸಿಗೇ ಬಂದು ನಿಲ್ಲುತ್ತದೆ. ಗೂಗಲ್ ತಂಡದ ಪ್ರಕಾರ ಪ್ರಯೋಗದ ದೊಡ್ಡ ಫಲವೇ ಇದು: ಸಾವಿರಕ್ಕೂ ಹೆಚ್ಚು ಗೇಟ್‌ಗಳು ಸೇರಿದಾಗಲೂ ಹೊಸ ಬಗೆಯ ದೋಷ ತಲೆ ಎತ್ತಲಿಲ್ಲ.

ಹೀಬ್ರೂ ವಿಶ್ವವಿದ್ಯಾಲಯದ ಗಣಿತಜ್ಞ ಗಿಲ್ ಕಲಾಯ್ ಆಕ್ಷೇಪ ಎತ್ತುವುದು ಇದೇ ಜಾಗದಲ್ಲಿ. ಯೋಸೆಫ್ ರಿನಾಟ್ ಮತ್ತು ಟೋಮರ್ ಶೋಹಮ್ ಅವರೊಡನೆ ಗೂಗಲ್‌ನ ದತ್ತಾಂಶವನ್ನು ಜಾಲಾಡಿ ಅವರು ಎರಡು ಸಂಗತಿಗಳನ್ನು ಮುಂದಿಟ್ಟರು. ಗುಣಾಕಾರದ ಊಹೆ ಅಳತೆಗೆ ಇಷ್ಟು ಚೆನ್ನಾಗಿ ಹೊಂದುವುದೇ ಅನುಮಾನ ಹುಟ್ಟಿಸುತ್ತದೆ ಎಂಬುದು ಒಂದು. ಬಿಟ್‌ಸಾಲುಗಳ ನಿಜವಾದ ಹಂಚಿಕೆಯನ್ನು ನೋಡಿದರೆ ‘ಸ್ವಲ್ಪ ಸರಿ, ಉಳಿದದ್ದು ಸಮನಾದ ನಾಯ್ಸ್’ ಎಂಬ ಸರಳ ವಿವರಣೆ ಅದಕ್ಕೆ ಸರಿಯಾಗಿ ಹೊಂದುವುದಿಲ್ಲ ಎಂಬುದು ಇನ್ನೊಂದು. ಎರಡನೆಯ ಮಾತಿನಲ್ಲಿ ತೂಕವಿದೆ. ಅಳತೆಯಲ್ಲಿ 1 ಇದ್ದದ್ದು 0 ಎಂದು ಓದಿಸಿಕೊಳ್ಳುವುದು ಅದರ ತಿರುವಿಗಿಂತ ಹೆಚ್ಚಾಗಿ ನಡೆಯುವುದರಿಂದ ನಾಯ್ಸ್ ಸಮನಾಗಿ ಹರಡಿರಲು ಸಾಧ್ಯವೇ ಇಲ್ಲ. ಆದರೆ ಅಷ್ಟರಿಂದ ಅಂಕ ಸುಳ್ಳಾಗುವುದಿಲ್ಲ, ಏಕೆಂದರೆ ಎಕ್ಸ್‌ಇಬಿ ಸರಾಸರಿಯನ್ನು ಮಾತ್ರ ನೋಡುತ್ತದೆ, ನಾಯ್ಸ್‌ನ ಆಕಾರವನ್ನಲ್ಲ.

ನೀವು ಕೇಳಲೇಬೇಕಾದ ಪ್ರಶ್ನೆ ಕ್ಯಾಲಿಬ್ರೇಶನ್‌ನದು. ‘ಆದರ್ಶ’ ಸರ್ಕ್ಯೂಟ್ ಎಂಬುದನ್ನು ಕಾಗದದ ಮೇಲೆ ಮೊದಲೇ ಬರೆದಿಟ್ಟಿರುವುದಿಲ್ಲ. ಪ್ರತಿ ಜೋಡಿ ಗೇಟ್‌ನ ಕೋನಗಳನ್ನು ಅಳೆದು, ಹೊಂದಿಸಿ, ಆ ಮೌಲ್ಯಗಳನ್ನೇ p(x) ಲೆಕ್ಕಕ್ಕೆ ಬಳಸುತ್ತಾರೆ. ಆ ಹೊಂದಿಕೆ ಪರೀಕ್ಷೆಯ ಮಾದರಿಗಳನ್ನು ನೋಡುವ ಮುಂಚೆಯೇ ಮುಗಿದಿದ್ದರೆ ಸರಿ. ಪರೀಕ್ಷೆಯ ದತ್ತಾಂಶವೇ ಹೊಂದಿಕೆಯೊಳಗೆ ನುಸುಳಿದ್ದರೆ ಅಂಕ ಉಬ್ಬುತ್ತದೆ.

ಹಂತ 4: p(x) ಎಲ್ಲಿಂದ ಬಂತು ಎಂದು ಕೇಳಿ

ಎಕ್ಸ್‌ಇಬಿ ಸೂತ್ರಕ್ಕೆ p(x) ಬೇಕೇ ಬೇಕು. ಅದನ್ನು ಲೆಕ್ಕ ಹಾಕಲು ಸಾಧ್ಯವಾದರೆ ಕೆಲಸ ಅಷ್ಟೇನೂ ಕಷ್ಟದ್ದಲ್ಲ ಎಂದಾಯಿತು, ಸಾಧ್ಯವಾಗದಿದ್ದರೆ ಅಂಕ ಕೊಡುವುದೇ ಆಗದು. ಈ ಇಕ್ಕಟ್ಟಿನಿಂದ ಪಾರಾಗಲು ಗೂಗಲ್ ತಂಡ ಸರ್ಕ್ಯೂಟನ್ನೇ ಸುಲಭಗೊಳಿಸಿ ಅಳೆಯಿತು. ನಡುವಿನ ಒಂದು ಗೆರೆಯ ಗುಂಟ ಜೋಡಿ ಗೇಟ್‌ಗಳನ್ನೆಲ್ಲ ತೆಗೆದರೆ ಚಿಪ್ ಎರಡು ಹೋಳಾಗುತ್ತದೆ, ಒಂದೊಂದನ್ನೂ ಬೇರೆಯಾಗಿ ಲೆಕ್ಕ ಹಾಕಬಹುದು. ಕೆಲವನ್ನಷ್ಟೇ ತೆಗೆದ ನಡುವಣ ರೂಪವೂ ಒಂದಿದೆ. ಪೂರ್ತಿ ಲೆಕ್ಕ ಸಾಧ್ಯವಾಗುವ ಚಿಕ್ಕ ಗಾತ್ರಗಳಲ್ಲಿ ಮೂರು ರೂಪಗಳ ಅಂಕವೂ ಒಂದೇ ಆಗಿರುವುದನ್ನು ತೋರಿಸಿ, ದೊಡ್ಡ ಗಾತ್ರದಲ್ಲೂ ಹಾಗೆಯೇ ಇರುತ್ತದೆ ಎಂದು ಮುಂದಕ್ಕೆ ಎಳೆದರು. 0.0022 ಎಂಬುದು ನಡುವಣ ರೂಪದ ಅಂಕ. ಮೇಲುಗೈ ಸಾರಿದ ಪೂರ್ಣ ಸರ್ಕ್ಯೂಟ್‌ನ ಅಂಕವನ್ನು ಆಗ ಯಾರೂ ನೇರವಾಗಿ ಅಳೆದಿರಲಿಲ್ಲ.

ಈ ಊಹೆಯ ಮೇಲಿದ್ದ ಸಂದೇಹ ಮುಂದೆ ಬಗೆಹರಿಯಿತು. ಚೀನಾದ ಸನ್‌ವೇ ಸೂಪರ್‌ಕಂಪ್ಯೂಟರಿನಲ್ಲಿ ಸಿಕಾಮೋರ್‌ನ ಅದೇ ಬಿಟ್‌ಸಾಲುಗಳಿಗೆ p(x) ಲೆಕ್ಕ ಹಾಕಿದಾಗ ಅಂಕ ಊಹಿಸಿದ 0.2%ರ ಹತ್ತಿರಕ್ಕೇ ಬಂತು. ಚಿಪ್ ಹೇಳಿದ್ದನ್ನು ಮಾಡಿತ್ತು ಎಂಬುದಕ್ಕೆ ಸಿಕ್ಕ ಅತ್ಯುತ್ತಮ ಸಾಕ್ಷಿ, ಸಾಮಾನ್ಯ ಕಂಪ್ಯೂಟರಿಗೆ ಅದು ಅಸಾಧ್ಯವಲ್ಲ ಎಂದು ತೋರಿಸಿದ ಲೆಕ್ಕದಿಂದಲೇ ಬಂದದ್ದು ತಮಾಷೆಯ ಸಂಗತಿ.

ಹಂತ 5: ಅಂಕ ಮತ್ತು ಫಿಡೆಲಿಟಿಯನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳಿ

ಇಲ್ಲಿಯವರೆಗೆ ಎಕ್ಸ್‌ಇಬಿ ಅಂಕವನ್ನೇ ಫಿಡೆಲಿಟಿ ಎಂದು ಓದುತ್ತಾ ಬಂದೆವು. ಅದು ಯಾವಾಗಲೂ ನಡೆಯುವುದಿಲ್ಲ. ಒಂದು ಚಿಪ್ಪನ್ನು ಸಂಬಂಧವೇ ಇಲ್ಲದ ಎರಡು ಹೋಳುಗಳಾಗಿ ಊಹಿಸಿಕೊಳ್ಳಿ, ಒಂದೊಂದರ ಫಿಡೆಲಿಟಿ 0.01. ಇಡೀ ಚಿಪ್‌ನ ಫಿಡೆಲಿಟಿ ಗುಣಾಕಾರದಿಂದ 0.0001. ಆದರೆ ಇಡೀ ಬಿಟ್‌ಸಾಲಿನ ಮೇಲೆ ಎಕ್ಸ್‌ಇಬಿ ಸೂತ್ರ ಹಾಕಿದರೆ 1.01 × 1.01 − 1, ಅಂದರೆ 0.0201. ಫಿಡೆಲಿಟಿ ಗುಣಿಸುತ್ತಾ ಕುಗ್ಗುತ್ತದೆ, ಎಕ್ಸ್‌ಇಬಿ ಕೂಡುತ್ತಾ ಹಿಗ್ಗುತ್ತದೆ. ಈ ಉದಾಹರಣೆಯಲ್ಲಿ ಎರಡರ ನಡುವೆ ಇನ್ನೂರು ಪಟ್ಟು ಅಂತರ.

ಈ ಬಿರುಕನ್ನೇ ಬಳಸಿ 2021ರಲ್ಲಿ ಶುನ್ ಗಾವ್, ಮಿಖಾಯಿಲ್ ಲುಕಿನ್, ಬೋಅಜ್ ಬರಾಕ್ ಮತ್ತು ಸಂಗಡಿಗರು ಒಂದು ಅಗ್ಗದ ಉಪಾಯ ತೋರಿಸಿದರು. ಸರ್ಕ್ಯೂಟನ್ನು ಚಿಕ್ಕ ಹೋಳುಗಳಾಗಿ ಕತ್ತರಿಸಿ, ಅಡ್ಡ ಬರುವ ಗೇಟ್‌ಗಳನ್ನು ಕೈಬಿಟ್ಟು, ಹೋಳುಗಳನ್ನಷ್ಟೇ ಲೆಕ್ಕ ಹಾಕುವುದು. ಒಂದೇ ಜಿಪಿಯುವಿನಲ್ಲಿ ಸೆಕೆಂಡುಗಳಲ್ಲಿ ಮುಗಿಯುವ ಈ ಲೆಕ್ಕ, ಪ್ರಯೋಗಗಳು ಪಡೆದ ಅಂಕದ 2ರಿಂದ 12 ಶೇಕಡದಷ್ಟನ್ನು ಗಿಟ್ಟಿಸಿತು. ಗೂಗಲ್‌ನ ಅಂಕವನ್ನು ಅದು ಮುಟ್ಟಲಿಲ್ಲ, ಹಾಗಾಗಿ ಇದರಿಂದ 2019ರ ಹೇಳಿಕೆ ಬಿದ್ದುಹೋಯಿತು ಎನ್ನುವುದು ತಪ್ಪು. ಆದರೆ ಕ್ಯೂಬಿಟ್‌ಗಳು ಹೆಚ್ಚಿದಂತೆ ಗೇಟ್ ದೋಷ ಇಳಿಯದಿದ್ದರೆ ಪ್ರಯೋಗದ ಅಂಕ ಗುಣಿಸಿ ಕುಗ್ಗುತ್ತದೆ, ಈ ಅಗ್ಗದ ಉಪಾಯದ ಅಂಕ ಅಷ್ಟು ಬೇಗ ಕುಗ್ಗುವುದಿಲ್ಲ, ಎಲ್ಲೋ ಒಂದು ಕಡೆ ಎರಡೂ ಸಂಧಿಸುತ್ತವೆ ಎಂಬುದು ಅವರ ಎಚ್ಚರಿಕೆ.

ಗೂಗಲ್ ತಂಡ 2024ರಲ್ಲಿ 67 ಕ್ಯೂಬಿಟ್, 32 ಆವರ್ತಗಳ ಪ್ರಯೋಗದೊಂದಿಗೆ ಇದಕ್ಕೆ ಉತ್ತರಿಸಿತು. ಪ್ರತಿ ಆವರ್ತಕ್ಕೆ ಇಡೀ ಚಿಪ್‌ನಲ್ಲಿ ಬೀಳುವ ದೋಷ ಒಂದು ಮಿತಿಯನ್ನು ದಾಟಿದರೆ ಚಿಪ್ ತಾನಾಗಿಯೇ ಸಂಬಂಧ ಕಳಚಿದ ಹೋಳುಗಳಂತೆ ವರ್ತಿಸುತ್ತದೆ, ಮಿತಿಯ ಕೆಳಗಿದ್ದರೆ ಹೆಣಿಗೆ ಇಡೀ ಚಿಪ್‌ನಲ್ಲಿ ಉಳಿಯುತ್ತದೆ. ತಮ್ಮ ಪ್ರಯೋಗ ಕೆಳಗಿನ ವಲಯದಲ್ಲಿದೆ ಎಂದು ಅವರು ಅಳೆದು ತೋರಿಸಿದರು. ಹೊಸ ಹೇಳಿಕೆಯೊಂದು ಬಂದಾಗ ಈ ಮಿತಿಯ ಪ್ರಸ್ತಾಪವೇ ಇಲ್ಲದಿದ್ದರೆ, ಎಕ್ಸ್‌ಇಬಿಯನ್ನು ಫಿಡೆಲಿಟಿ ಎಂದು ಒಪ್ಪಬೇಡಿ.

ಇನ್ನೊಂದು ಬಲೆ ಇದೆ, ಇದು ಕ್ವಾಂಟಮ್ ಪಾಳಯವನ್ನಲ್ಲ, ಎದುರು ಪಾಳಯವನ್ನು ಓದುವಾಗ ಬೀಳುವಂಥದ್ದು. 2021ರಲ್ಲಿ ಚೀನೀ ವಿಜ್ಞಾನ ಅಕಾಡೆಮಿಯ ಫೆಂಗ್ ಪಾನ್ ಮತ್ತು ಪಾನ್ ಜಾಂಗ್ 60 ಜಿಪಿಯುಗಳನ್ನು 5 ದಿನ ಓಡಿಸಿ 0.739 ಅಂಕದ 10 ಲಕ್ಷ ಬಿಟ್‌ಸಾಲುಗಳನ್ನು ಕೊಟ್ಟರು. ಸಿಕಾಮೋರ್‌ಗಿಂತ ಮುನ್ನೂರು ಪಟ್ಟು ಮೇಲು! ಆದರೆ ಅವರು ಹಲವು ಬಿಟ್‌ಗಳನ್ನು ಸ್ಥಿರವಾಗಿಟ್ಟು 2^21, ಅಂದರೆ ಸುಮಾರು 21 ಲಕ್ಷ ಸಾಲುಗಳ ಸಂಭವನೀಯತೆಯನ್ನು ಒಟ್ಟಿಗೆ ಲೆಕ್ಕ ಹಾಕಿದ್ದರು. ಅವುಗಳಲ್ಲಿ ಮೇಲಿನ 10 ಲಕ್ಷವನ್ನು ಆರಿಸಿದರೆ ಸೂತ್ರದ ಪ್ರಕಾರವೇ ln(2.097) ≈ 0.74 ಬರಬೇಕು. ಹಂತ 2ರ ತುಣುಕಿನಲ್ಲಿ ಯಾದೃಚ್ಛಿಕವಾಗಿ ಹತ್ತು ಸಾಲು ತೆಗೆದು ಅತಿ ಹೆಚ್ಚು p ಇರುವ ಒಂದನ್ನೇ ಪ್ರತಿ ಸಲ ಇಟ್ಟುಕೊಂಡು ನೋಡಿ, ಅಂಕ 1.93ರ ಹತ್ತಿರ ಹೋಗುತ್ತದೆ, ದೋಷವಿಲ್ಲದ ಕ್ವಾಂಟಮ್ ಚಿಪ್‌ನ ಅಂಕಕ್ಕಿಂತಲೂ ಮೇಲೆ. ಆದ್ದರಿಂದ ಮಾದರಿಗಳು ಪರಸ್ಪರ ಸ್ವತಂತ್ರವೇ ಎಂದು ಕೇಳದೆ ಎರಡು ಅಂಕಗಳನ್ನು ಹೋಲಿಸಬಾರದು.

ಹಂತ 6: ಸಾಮಾನ್ಯ ಕಂಪ್ಯೂಟರಿನ ಸಮಯದ ಹಿಂದಿನ ಷರತ್ತುಗಳನ್ನು ಬಿಚ್ಚಿ

10,000 ವರ್ಷ ಎಂಬುದು ಯಾರೂ ಓಡಿಸಿ ನೋಡಿದ ಸಂಖ್ಯೆಯಲ್ಲ. ಆಗ ಗೊತ್ತಿದ್ದ ಒಂದು ನಿರ್ದಿಷ್ಟ ವಿಧಾನವನ್ನು, ಒಂದು ನಿರ್ದಿಷ್ಟ ಯಂತ್ರದ ಮೆಮೊರಿಯೊಳಗೆ ಓಡಿಸಿದರೆ ಎಷ್ಟಾದೀತು ಎಂಬ ಅಂದಾಜು. ಹೀಗಾಗಿ ವಿಧಾನ, ಮೆಮೊರಿ, ಬೇಕಾದ ಫಿಡೆಲಿಟಿ ಮತ್ತು ಮಾದರಿಗಳ ಸಂಖ್ಯೆ ಎಂಬ ನಾಲ್ಕನ್ನು ಕೇಳಬೇಕು.

ಮೊದಲ ಪೆಟ್ಟು ಮೆಮೊರಿಯ ಕಡೆಯಿಂದ ಬಂತು. 53 ಕ್ಯೂಬಿಟ್‌ಗಳ ಪೂರ್ತಿ ಸ್ಥಿತಿಯನ್ನು ಬರೆದಿಡಲು 2^53 ಸಂಖ್ಯೆಗಳು ಬೇಕು, ಒಂದಕ್ಕೆ 8 ಬೈಟ್ ಹಿಡಿದರೆ ಸುಮಾರು 72 ಪೆಟಾಬೈಟ್. ಸಮ್ಮಿಟ್‌ನ ಮುಖ್ಯ ಮೆಮೊರಿಗೆ ಅದು ಹಿಡಿಸದು. ಐಬಿಎಂ ತಂಡ, ಡಿಸ್ಕ್‌ನಲ್ಲಿ 250 ಪೆಟಾಬೈಟ್ ಜಾಗವಿದೆಯಲ್ಲ, ಅಲ್ಲಿ ಇಟ್ಟು ತುಂಡುತುಂಡಾಗಿ ಲೆಕ್ಕ ಹಾಕಿದರೆ 2.5 ದಿನ ಸಾಕು, ಫಿಡೆಲಿಟಿಯೂ ಪೂರ್ತಿ ಸಿಗುತ್ತದೆ ಎಂದಿತು. ಇದೂ ಕಾಗದದ ಅಂದಾಜೇ, ಓಡಿಸಿ ತೋರಿಸಿದ್ದಲ್ಲ. ಕ್ಯೂಬಿಟ್ ಒಂದು ಹೆಚ್ಚಾದರೆ ಬೇಕಾದ ಜಾಗ ಎರಡು ಪಟ್ಟಾಗುವುದರಿಂದ ಈ ದಾರಿ ಇನ್ನೊಂದು ಕ್ಯೂಬಿಟ್‌ನ ಆಚೆ ಸಮ್ಮಿಟ್‌ನಲ್ಲೇ ಮುಚ್ಚಿಕೊಳ್ಳುತ್ತದೆ.

ಎರಡನೆಯ ಪೆಟ್ಟೇ ನಿಜವಾಗಿ ತಾಗಿದ್ದು. 0.2% ಫಿಡೆಲಿಟಿ ಎಂದರೆ 10 ಲಕ್ಷ ಮಾದರಿಗಳಲ್ಲಿ ಸುಮಾರು 2,000ಕ್ಕೆ ಸಮನಾದಷ್ಟೇ ಸರಕು, ಉಳಿದ 9,98,000 ಬರೀ ನಾಯ್ಸ್. ನಾಯ್ಸ್ ತಯಾರಿಸಲು ಯಾವ ಕಂಪ್ಯೂಟರಿಗೂ ಕಷ್ಟವಿಲ್ಲ. ಲೆಕ್ಕದ ಒಟ್ಟು ಮೊತ್ತವನ್ನು ಸಣ್ಣ ಸಣ್ಣ ಪಾಲುಗಳಾಗಿ ಒಡೆದು ಒಂದಿಷ್ಟು ಪಾಲನ್ನಷ್ಟೇ ಕೂಡಿದರೆ, ಫಿಡೆಲಿಟಿ ಇಳಿದಷ್ಟೇ ಶ್ರಮವೂ ಇಳಿಯುತ್ತದೆ. ಇದಕ್ಕೆ ಟೆನ್ಸರ್ ನೆಟ್‌ವರ್ಕ್ ವಿಧಾನ ಸೇರಿತು. ಸರ್ಕ್ಯೂಟನ್ನು ಗೇಟ್‌ಗಳ ಜಾಲವಾಗಿ ಬರೆದು, ಯಾವ ಕೊಂಡಿಯನ್ನು ಮೊದಲು ಮಡಚಬೇಕೆಂಬ ಒಳ್ಳೆಯ ಕ್ರಮ ಹುಡುಕಿ, ಕೆಲವು ಕೊಂಡಿಗಳನ್ನು ಕಡಿದು ಹಾಕುವ ಬಗೆ ಇದು. ಇದೇ ದಾರಿಯಲ್ಲಿ ಫೆಂಗ್ ಪಾನ್, ಕೆಯಾಂಗ್ ಚೆನ್ ಮತ್ತು ಪಾನ್ ಜಾಂಗ್ 512 ಜಿಪಿಯುಗಳಲ್ಲಿ 15 ಗಂಟೆಯಲ್ಲಿ 10 ಲಕ್ಷ ಮಾದರಿಗಳನ್ನು ತೆಗೆದರು. ಈ ಸಲ ಅವು ಪರಸ್ಪರ ಸ್ವತಂತ್ರ, ಫಿಡೆಲಿಟಿ 0.0037, ಸಿಕಾಮೋರ್‌ಗಿಂತ ಮೇಲು. ಅದು 2022ರಲ್ಲಿ ಪ್ರಕಟವಾಯಿತು. 2023ರ ಹೊತ್ತಿಗೆ ಗೂಗಲ್ ತಂಡವೇ ತನ್ನ ಹಳೆಯ 53 ಕ್ಯೂಬಿಟ್ ಕೆಲಸ ಫ್ರಾಂಟಿಯರ್ ಸೂಪರ್‌ಕಂಪ್ಯೂಟರಿಗೆ 6.18 ಸೆಕೆಂಡಿನದು, 70 ಕ್ಯೂಬಿಟ್‌ಗಳ ಹೊಸ ಪ್ರಯೋಗಕ್ಕೆ 47.2 ವರ್ಷ ಬೇಕು ಎಂದು ಅಂದಾಜಿಸಿತು. 10,000 ವರ್ಷ ಆರು ಸೆಕೆಂಡಿಗೆ ಇಳಿಯಲು ನಾಲ್ಕು ವರ್ಷ ಹಿಡಿಯಿತು, ಅದರಲ್ಲಿ ವೇಗದ ಯಂತ್ರದ ಪಾಲಿಗಿಂತ ಜಾಣ ಲೆಕ್ಕದ ಪಾಲೇ ದೊಡ್ಡದು.

ಡೋರಿಟ್ ಅಹರೊನೊವ್, ಉಮೇಶ್ ವಾಜಿರಾನಿ ಮತ್ತಿತರರ 2022ರ ಪ್ರಮೇಯವನ್ನೂ ಜನ ಇಲ್ಲಿ ಎಳೆದು ತರುತ್ತಾರೆ. ಗೇಟ್ ದೋಷ ಸ್ಥಿರವಾಗಿದ್ದು ಕ್ಯೂಬಿಟ್‌ಗಳಷ್ಟೇ ಹೆಚ್ಚುತ್ತಾ ಹೋದರೆ, ದೋಷವಿರುವ ಸ್ಯಾಂಪ್ಲಿಂಗನ್ನು ಸಾಮಾನ್ಯ ಕಂಪ್ಯೂಟರ್ ಬಹುಪದೀಯ ಸಮಯದಲ್ಲಿ, ಅಂದರೆ ಕ್ಯೂಬಿಟ್ ಸಂಖ್ಯೆಯ ಒಂದು ನಿಗದಿತ ಘಾತದಷ್ಟೇ ಏರುವ ಸಮಯದಲ್ಲಿ, ಅನುಕರಿಸಬಲ್ಲದು ಎಂದು ಅದು ಹೇಳುತ್ತದೆ. ಅದರ ಘಾತಾಂಕ ವಿಪರೀತ ದೊಡ್ಡದಾಗಿರುವುದರಿಂದ 53 ಅಥವಾ 67 ಕ್ಯೂಬಿಟ್‌ಗಳ ಪ್ರಯೋಗವನ್ನು ಅದು ಮುಟ್ಟುವುದಿಲ್ಲ. ದೋಷ ತಿದ್ದುವಿಕೆ ಇಲ್ಲದೆ ಈ ಮೇಲುಗೈಯನ್ನು ಎಷ್ಟು ಬೇಕಾದರೂ ಬೆಳೆಸಬಹುದು ಎಂಬ ಆಸೆಗೆ ಮಾತ್ರ ಅದು ತಡೆ.

ಹಂತ 7: ಹೊಸ ಹೇಳಿಕೆಯನ್ನು ಕಿಟಕಿಯೊಳಗೆ ಇಟ್ಟು ನೋಡಿ

ಇಷ್ಟನ್ನೂ ಸೇರಿಸಿದರೆ ಒಂದು ಕಿರಿದಾದ ಕಿಟಕಿ ಕಾಣುತ್ತದೆ. ಸರ್ಕ್ಯೂಟ್ ಚಿಕ್ಕದಿದ್ದರೆ ಜಿಪಿಯುಗಳು ಹಿಡಿಯುತ್ತವೆ. ದೊಡ್ಡದಾದರೆ ಫಿಡೆಲಿಟಿ ಕುಸಿದು ಮಾದರಿಗಳ ಸಂಖ್ಯೆ ಏರುತ್ತದೆ. F 0.0001ಕ್ಕೆ ಇಳಿದರೆ ಐದು ದೋಷಮಾನಕ್ಕೆ 250 ಕೋಟಿ ಮಾದರಿಗಳು ಬೇಕು, ಸಿಕಾಮೋರ್‌ನ ವೇಗದಲ್ಲಿ, ಅಂದರೆ ಸೆಕೆಂಡಿಗೆ 5,000ದಂತೆ, ಸುಮಾರು ಆರು ದಿನ. ಅಷ್ಟೂ ಹೊತ್ತು ಕ್ಯಾಲಿಬ್ರೇಶನ್ ಜಾರದಂತೆ ಹಿಡಿದಿಡಬೇಕು.

2024ರ ಡಿಸೆಂಬರ್‌ನಲ್ಲಿ ಗೂಗಲ್‌ನ 105 ಕ್ಯೂಬಿಟ್‌ಗಳ ವಿಲೋ ಚಿಪ್‌ನೊಂದಿಗೆ ಬಂದ ‘5 ನಿಮಿಷಕ್ಕೂ ಕಡಿಮೆ, ಎದುರಿಗೆ 10^25 ವರ್ಷ’ ಎಂಬ ಮಾತನ್ನು ಈ ಕಿಟಕಿಯಲ್ಲಿ ಇಟ್ಟು ನೋಡಿ. ಇಷ್ಟು ದೊಡ್ಡ ಸರ್ಕ್ಯೂಟ್‌ನ p(x) ಅನ್ನು ಸದ್ಯಕ್ಕೆ ಯಾರೂ ಲೆಕ್ಕ ಹಾಕಲಾರರು, ಹಾಗಾಗಿ ಅಂಕ ಮತ್ತೆ ಹಂತ 4ರಂತೆ ಚಿಕ್ಕ ಸರ್ಕ್ಯೂಟ್‌ಗಳಿಂದ ಎಳೆದ ಊಹೆಯೇ ಆಗಿರಬೇಕಾಗುತ್ತದೆ. ಸಿಕಾಮೋರ್‌ನಲ್ಲಿ ಆ ಊಹೆ ಕೊನೆಗೆ ನಿಂತಿತು, ಬಿದ್ದದ್ದು ವರ್ಷಗಳ ಸಂಖ್ಯೆ. ಆದ್ದರಿಂದ ಚಿಪ್ ಓಡಿತೇ ಎಂಬುದಕ್ಕೆ ಹಂತ 3ರ ಗುಣಾಕಾರವನ್ನೂ ಹಂತ 5ರ ಮಿತಿಯನ್ನೂ ನೋಡಿ. 10^25ರ ಪಕ್ಕದಲ್ಲಿ ಮಾತ್ರ ಯಾವ ವಿಧಾನ, ಎಷ್ಟು ಮೆಮೊರಿ, ಯಾವ ಫಿಡೆಲಿಟಿಗೆ, ಎಷ್ಟು ಮಾದರಿಗಳಿಗೆ ಎಂಬ ನಾಲ್ಕೂ ಉತ್ತರಗಳನ್ನು ಬರೆದು, ಅಂದಾಜು ಮಾಡಿದ ದಿನಾಂಕವನ್ನೂ ಅದರ ಜೊತೆಗೆ ನಮೂದಿಸಿ.